ಸಿಕಲ್ ಸೆಲ್ ನೋವು ಬಂದಾಗ: ಎಷ್ಟು ನೀರು, ಯಾವ ಔಷಧಿ, ಮನೆಯವರು ಏನು ತಿಳಿದಿರಬೇಕು?

ಸಿಕಲ್ ಸೆಲ್ ಇರುವವರಿಗೆ ಮೈಕೈ ನೋವು ಶುರುವಾದರೆ ಎರಡು ಬಾಟಲಿ ಗ್ಲೂಕೋಸ್ ಹಾಕಿಸಿದರೆ ಸಾಕು, ರಕ್ತ ತೆಳುವಾಗಿ ಎಲ್ಲ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಇದರ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತದೆ: "ಜ್ವರ ಇಲ್ಲ, ಬಿಪಿ ಸರಿಯಾಗಿದೆ, ಮೊಬೈಲ್ ನೋಡ್ಕೊಂಡು ಕೂತಿದ್ದಾಳೆ, ಇವಳಿಗೆ ಅಷ್ಟೊಂದು ನೋವು ಎಲ್ಲಿಂದ ಬಂತು?" ಮೊದಲನೆಯದರಲ್ಲಿ ಅರ್ಧ ನಿಜವಿದೆ. ಎರಡನೆಯದರಲ್ಲಿ ನಿಜವೇ ಇಲ್ಲ. ಈ ಎರಡೂ ತಪ್ಪು ತಿಳಿವಳಿಕೆಗಳು ಸೇರಿದಾಗ ರೋಗಿಗೆ ಬೇಕಾದ ನೋವಿನ ಔಷಧಿ ತಡವಾಗುತ್ತದೆ, ಬೇಡದಷ್ಟು ನೀರು ಮೈಗೆ ಹೋಗುತ್ತದೆ. ಹಾಗಾದರೆ ಸರಿಯಾದ ಆರೈಕೆ ಹೇಗಿರುತ್ತದೆ ಎಂಬುದನ್ನು ಈ ಬರಹದಲ್ಲಿ ನೋಡೋಣ.

ಸಿಕಲ್ ಸೆಲ್ ಎಲ್ಲೋ ಆಫ್ರಿಕಾದ ಕಾಯಿಲೆ ಎಂಬ ಭಾವನೆ ಇನ್ನೂ ಇದೆ. ಆದರೆ ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಕಣಗಳಿರುವುದು 1952ರಲ್ಲೇ ವರದಿಯಾಗಿತ್ತು. ಕರ್ನಾಟಕದಲ್ಲಿ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿ ಈ ರೋಗದ ಕುಟುಂಬಗಳಿವೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ಪಟ್ಟಿಯಲ್ಲಿ ನಮ್ಮ ರಾಜ್ಯವೂ ಸೇರಿದೆ. ಅಭಿಯಾನದಲ್ಲಿ ರಕ್ತ ಪರೀಕ್ಷೆ ನಡೆದು ಕೈಗೆ ಕಾರ್ಡ್ ಬರುತ್ತದೆ. ಆದರೆ ರೋಗಿಗೆ ಕಷ್ಟ ಎದುರಾಗುವುದು ರಾತ್ರಿ ಹನ್ನೊಂದಕ್ಕೆ ತೊಡೆಯ ಮೂಳೆ ಒಡೆದಂತೆ ನೋವು ಬಂದಾಗ.

ನೋವು ಬರುವುದೇಕೆ?

ನಮ್ಮ ಕೆಂಪು ರಕ್ತಕಣಗಳೊಳಗೆ ಆಮ್ಲಜನಕ ಹೊರುವ ಪ್ರೋಟೀನು ಹಿಮೋಗ್ಲೋಬಿನ್. ಸಿಕಲ್ ಸೆಲ್ ರೋಗದಲ್ಲಿ ಈ ಪ್ರೋಟೀನಿನ ಒಂದು ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಇಂಥ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತವೆ. ಆಗ ದುಂಡಗೆ ಮೆತ್ತಗಿದ್ದ ಕಣ ಕುಡುಗೋಲಿನಂತೆ ಬಾಗಿ ಗಡುಸಾಗುತ್ತದೆ. ಇಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ನಾಳದ ಗೋಡೆಗೆ ಅಂಟಿಕೊಂಡು, ಮುಂದಿನ ಭಾಗಕ್ಕೆ ರಕ್ತ ಹೋಗದಂತೆ ತಡೆಯುತ್ತವೆ. ರಕ್ತ ಸಿಗದ ಮೂಳೆ ಮಜ್ಜೆ ನೋಯತೊಡಗುತ್ತದೆ. ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ಆಗುವುದೇ ಇಲ್ಲಿ ಮೂಳೆಗೆ ಆಗುತ್ತಿದೆ ಎಂದುಕೊಂಡರೆ ಆ ನೋವಿನ ತೀವ್ರತೆ ಅರ್ಥವಾಗಬಹುದು.

ಕಡ್ಡಿಗಳಾಗಲು ಎಷ್ಟು ಹೊತ್ತು ಬೇಕು ಎಂಬುದು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ಗಾಢವಾಗಿದೆ ಎಂಬುದರ ಮೇಲೆ ನಿಂತಿದೆ. ಕಣ ಸ್ವಲ್ಪ ನೀರು ಕಳೆದುಕೊಂಡರೂ ಅದರೊಳಗಿನ ದ್ರಾವಣ ಗಾಢವಾಗಿ, ಬಾಗುವ ಕೆಲಸ ಬಹಳ ಬೇಗ ನಡೆಯುತ್ತದೆ. ನೀರಿಗೂ ಈ ನೋವಿಗೂ ಇರುವ ನಂಟು ಇದೇ.

ಇಲ್ಲೊಂದು ತೊಡಕಿದೆ. ಸಾಮಾನ್ಯವಾಗಿ ನಾವು ನೀರು ಕಡಿಮೆ ಕುಡಿದರೆ ಮೂತ್ರಪಿಂಡಗಳು ಮೂತ್ರವನ್ನು ಗಟ್ಟಿ ಮಾಡಿ ನೀರನ್ನು ಉಳಿಸಿಕೊಳ್ಳುತ್ತವೆ. ಸಿಕಲ್ ಸೆಲ್ ಇರುವವರಲ್ಲಿ ಮೂತ್ರಪಿಂಡದ ಒಳಭಾಗಕ್ಕೆ ಚಿಕ್ಕ ವಯಸ್ಸಿನಲ್ಲೇ ಪೆಟ್ಟು ಬಿದ್ದಿರುವುದರಿಂದ ಈ ಶಕ್ತಿ ಕುಗ್ಗಿರುತ್ತದೆ. ಮೈಯಲ್ಲಿ ನೀರಿಲ್ಲದಿದ್ದರೂ ಅವರು ತಿಳಿಯಾದ ಮೂತ್ರವನ್ನು ಧಾರಾಳವಾಗಿ ಹೊರಹಾಕುತ್ತಲೇ ಇರುತ್ತಾರೆ. "ಮೂತ್ರ ಬಿಳಿಯಾಗಿದೆ, ಹಾಗಾದರೆ ನೀರು ಸಾಕಷ್ಟಿದೆ" ಎಂಬ ಸಾಮಾನ್ಯ ಲೆಕ್ಕ ಇವರ ವಿಷಯದಲ್ಲಿ ಕೆಲಸ ಮಾಡುವುದಿಲ್ಲ. ದೊಡ್ಡ ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದಕ್ಕೂ ಇದೇ ಕಾರಣವಿರಬಹುದು. ಅದಕ್ಕೆ ಹೆದರಿ ಸಂಜೆ ನಂತರ ನೀರು ಕೊಡದೇ ಇರುವುದು ಅಪಾಯಕಾರಿ.

ಮೊದಲ ಒಂದು ಗಂಟೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹುಡುಗಿ ಕಲ್ಪಿತ, ಆದರೆ ಅವಳಿಗಾಗುವುದು ಕಲ್ಪಿತವಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹಾಡಿಯ 14 ವರ್ಷದ ಹುಡುಗಿ, ತೂಕ 32 ಕಿಲೋ. ಕಾರ್ಡಿನಲ್ಲಿ ಸಿಕಲ್ ಸೆಲ್ ರೋಗ ಎಂದೇ ಬರೆದಿದೆ. ಜುಲೈ ತಿಂಗಳ ಮಳೆಯಲ್ಲಿ ನೆನೆದು ಶಾಲೆಯಿಂದ ಬಂದವಳಿಗೆ ಸಂಜೆಯಿಂದ ಎರಡೂ ತೊಡೆ, ಬೆನ್ನು ನೋಯುತ್ತಿದೆ. ಅಮ್ಮ ಒಂದು ಪ್ಯಾರಾಸಿಟಮಾಲ್ ಕೊಟ್ಟಿದ್ದಾರೆ. ಅದು ನಾಟಲಿಲ್ಲ. ರಾತ್ರಿ ತಾಲ್ಲೂಕು ಆಸ್ಪತ್ರೆಗೆ ಕರೆತಂದಿದ್ದಾರೆ.

ನರ್ಸ್ ಮೊದಲು ಕೇಳಬೇಕಾದದ್ದು ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದು. ಹುಡುಗಿ "ಒಂಬತ್ತು" ಎನ್ನುತ್ತಾಳೆ. ಹಾಗಿದ್ದರೆ ಅದು ಒಂಬತ್ತೇ. ಈ ನೋವನ್ನು ಅಳೆಯುವ ರಕ್ತಪರೀಕ್ಷೆಯಾಗಲಿ ಎಕ್ಸ್‌ರೇಯಾಗಲಿ ಇಲ್ಲ. ನಾಡಿ, ಬಿಪಿ ಸಹಜವಾಗಿದ್ದರೂ ನೋವು ವಿಪರೀತವಾಗಿರಬಹುದು. ಚಿಕ್ಕಂದಿನಿಂದ ನೋವಿನ ಜೊತೆ ಬೆಳೆದ ಮಕ್ಕಳು ಅಳುವುದನ್ನು ಎಂದೋ ಬಿಟ್ಟಿರುತ್ತಾರೆ. ಮೊಬೈಲ್ ನೋಡುವುದು, ಪಕ್ಕದವರ ಜೊತೆ ಮಾತಾಡುವುದು, ಕಣ್ಣು ಮುಚ್ಚಿ ಅಲುಗಾಡದೆ ಮಲಗುವುದು ಇವೆಲ್ಲ ಅವರು ನೋವನ್ನು ತಡೆದುಕೊಳ್ಳುವ ದಾರಿಗಳು. ಮಾತು ಬಾರದ ಕಂದಮ್ಮನಾದರೆ ಮುಖ, ಕಾಲಿನ ಚಲನೆ, ಅಳು ಇವುಗಳನ್ನು ನೋಡಿ ಅಂಕ ಕೊಡುವ ಪದ್ಧತಿ ಇದೆ.

ಎರಡನೆಯ ಪ್ರಶ್ನೆಯನ್ನು ಅಮ್ಮನಿಗೆ ಕೇಳಬೇಕು.

"ಅಮ್ಮ, ಹೋದ ಸಲ ಯಾವ ಔಷಧಿಗೆ ಕಮ್ಮಿಯಾಯ್ತು? ಈ ಸಲದ ನೋವು ಯಾವಾಗಿನ ಥರವೇ ಇದ್ಯಾ?"

"ಯಾವಾಗ್ಲೂ ಹಿಂಗೇ ಸಿಸ್ಟರ್, ತೊಡೇಲೇ ಬರೋದು. ಹೋದ ಸಲ ನರಕ್ಕೆ ಸೂಜಿ ಕೊಟ್ಟ ಮೇಲೇ ನಿದ್ದೆ ಮಾಡಿದ್ದು."

ಈ ಉತ್ತರದಲ್ಲಿ ಬೇಕಾದಷ್ಟು ಮಾಹಿತಿ ಇದೆ. ನೋವು ಎಂದಿನ ಜಾಗದಲ್ಲಿದ್ದರೆ ಇದು ಎಂದಿನ ಆಘಾತವಿರಬಹುದು. ಎದೆ, ಹೊಟ್ಟೆ, ತಲೆ ಹೀಗೆ ಹೊಸ ಜಾಗದಲ್ಲಿದ್ದರೆ ಬೇರೆ ತೊಂದರೆ ಹುಡುಕಬೇಕಾಗುತ್ತದೆ.

ನೋವಿನ ಔಷಧಿ ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ರೋಗಿಯ ಮೈ ಸೇರಬೇಕು ಎಂದು ಅಮೆರಿಕದ ರಕ್ತವಿಜ್ಞಾನ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. ಬ್ರಿಟನ್ನಿನ 2012ರ ಮಾರ್ಗಸೂಚಿ ಇನ್ನೂ ಕಟ್ಟುನಿಟ್ಟು, ಅರ್ಧ ಗಂಟೆ ಎನ್ನುತ್ತದೆ. ಅಂದರೆ ರಕ್ತ ಪರೀಕ್ಷೆಯ ವರದಿಗೆ ಕಾಯುತ್ತಾ ಔಷಧಿ ತಡೆಹಿಡಿಯುವಂತಿಲ್ಲ.

ತೀವ್ರ ನೋವಿಗೆ ಮುಖ್ಯ ಔಷಧಿ ಮಾರ್ಫಿನ್. ರಕ್ತನಾಳದ ಮೂಲಕ ಕೊಡುವ ಮೊದಲ ಪ್ರಮಾಣ ಸಾಮಾನ್ಯವಾಗಿ ಕಿಲೋ ತೂಕಕ್ಕೆ 0.1 ಮಿಲಿಗ್ರಾಂ. ನಮ್ಮ ಹುಡುಗಿಗೆ ವೈದ್ಯರು ಬರೆಯುವುದು ಸುಮಾರು 3 ಮಿಲಿಗ್ರಾಂ. ಅದನ್ನು ನಿಧಾನವಾಗಿ ಕೊಟ್ಟು, ಅರ್ಧ ಗಂಟೆಯ ನಂತರ ಮತ್ತೆ ಅದೇ ಪ್ರಶ್ನೆ: ಈಗ ಎಷ್ಟು? "ಎಂಟು" ಎಂದರೆ ಇನ್ನೊಂದು ಪ್ರಮಾಣಕ್ಕೆ ವೈದ್ಯರನ್ನು ಕರೆಯಬೇಕು. ಆರೈಕೆ ಎಡವುವುದು ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯಲ್ಲಿ. ಒಂದು ಸೂಜಿ ಕೊಟ್ಟಾಯಿತು, ಇನ್ನು ಬೆಳಿಗ್ಗೆ ನೋಡೋಣ ಎಂದುಬಿಟ್ಟರೆ ಮೊದಲನೆಯ ಸೂಜಿಯ ಫಲವೂ ಕೈತಪ್ಪುತ್ತದೆ. ಜೊತೆಗೆ ಪ್ಯಾರಾಸಿಟಮಾಲ್ ಅನ್ನು ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ, ಅಂದರೆ ಸುಮಾರು 480 ಮಿಲಿಗ್ರಾಂ, ಆರು ಗಂಟೆಗೊಮ್ಮೆ ಕೊಡಬಹುದು. ಅಮ್ಮ ಮನೆಯಲ್ಲಿ ಕೊಟ್ಟ ಮಾತ್ರೆಯ ಸಮಯವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನವು ಒಳ್ಳೆಯ ಔಷಧಿಗಳೇ. ಆದರೆ ನೀರು ಬತ್ತಿದ ಮೈಯಲ್ಲಿ, ಮೊದಲೇ ದುರ್ಬಲವಾಗಿರುವ ಮೂತ್ರಪಿಂಡಕ್ಕೆ ಅವು ಹಾನಿ ಮಾಡಬಲ್ಲವು. ಆದ್ದರಿಂದ ಮೂತ್ರಪಿಂಡದ ಸ್ಥಿತಿ ನೋಡಿಕೊಂಡು, ಕೆಲವೇ ದಿನಗಳ ಮಟ್ಟಿಗೆ ಬಳಸುತ್ತಾರೆ.

ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಾರ್ಫಿನ್ ಇರುವುದಿಲ್ಲ ಎಂಬುದು ನಮಗೂ ಗೊತ್ತು. 2014ರಲ್ಲಿ ಮಾದಕವಸ್ತು ಕಾನೂನಿಗೆ ತಿದ್ದುಪಡಿ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದನ್ನು ಸುಲಭ ಮಾಡಲಾಗಿದೆ. ಆದರೂ ಹಳೆಯ ಹೆದರಿಕೆ ಹೋಗಿಲ್ಲ. ಮಾರ್ಫಿನ್ ಇಲ್ಲದ ಕಡೆ ಟ್ರಮಡಾಲ್‌ನಂಥ ಔಷಧಿ ಕೊಟ್ಟು, ನೋವು ಹಿಡಿತಕ್ಕೆ ಬಾರದಿದ್ದರೆ ಬೇಗ ಜಿಲ್ಲಾ ಆಸ್ಪತ್ರೆಗೆ ಕಳಿಸುವುದು ಸರಿಯಾದ ದಾರಿ. ಪೆಥಿಡಿನ್ ಮಾತ್ರ ಬೇಡ. ಅದರಿಂದ ಹುಟ್ಟುವ ಒಂದು ವಸ್ತು ಮೈಯಲ್ಲಿ ಶೇಖರವಾದರೆ ಫಿಟ್ಸ್ ಬರಬಹುದು.

"ಇದಕ್ಕೆ ಹುಡುಗಿ ಅಡಿಕ್ಟ್ ಆಗಿಬಿಟ್ಟರೆ?" ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಪದೇ ಪದೇ ಮಾರ್ಫಿನ್ ಪಡೆದವರಿಗೆ ಮುಂದೆ ಹೆಚ್ಚು ಪ್ರಮಾಣ ಬೇಕಾಗಬಹುದು. ಅದು ಮೈಯ ಒಗ್ಗುವಿಕೆ, ಚಟವಲ್ಲ. ನೋವಿರುವವಳು ನೋವಿನ ಔಷಧಿಯನ್ನು ಹೆಸರು ಹಿಡಿದು ಕೇಳುತ್ತಾಳೆ ಎಂದರೆ, ಈ ಹಿಂದೆ ಅವಳಿಗೆ ಯಾವುದು ನಾಟಿತ್ತು ಎಂಬುದು ಅವಳಿಗೆ ನೆನಪಿದೆ ಎಂದಷ್ಟೇ ಅರ್ಥ.

ಮಾರ್ಫಿನ್ನಿನ ನಿಜವಾದ ಅಪಾಯ ಬೇರೆ. ಪ್ರಮಾಣ ಹೆಚ್ಚಾದರೆ ಉಸಿರು ನಿಧಾನವಾಗುತ್ತದೆ. ಅದಕ್ಕೂ ಮುಂಚೆ ರೋಗಿ ಅತಿಯಾಗಿ ತೂಕಡಿಸತೊಡಗುತ್ತಾಳೆ. ಮಾತಾಡಿಸಿದಾಗ ಉತ್ತರದ ಮಧ್ಯೆಯೇ ಕಣ್ಣು ಮುಚ್ಚಿದರೆ ಮುಂದಿನ ಪ್ರಮಾಣ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಅದಕ್ಕಾಗಿ ಪ್ರತಿ ಸಲವೂ ನೋವಿನ ಅಂಕದ ಜೊತೆ ಎಚ್ಚರದ ಮಟ್ಟ, ಒಂದು ನಿಮಿಷ ಪೂರ್ತಿ ಎಣಿಸಿದ ಉಸಿರು, ಆಮ್ಲಜನಕದ ಪ್ರಮಾಣ ಇವನ್ನೂ ಬರೆದಿಡಬೇಕು. ನಲೋಕ್ಸೋನ್ ಎಂಬ ಪ್ರತಿವಿಷ ಕೈಗೆಟುಕುವಂತಿರಬೇಕು. ಮಲಬದ್ಧತೆ ಖಂಡಿತ ಬರುವುದರಿಂದ ಅದರ ಔಷಧಿಯನ್ನು ಮೊದಲ ದಿನವೇ ಶುರು ಮಾಡುತ್ತಾರೆ.

ಡ್ರಿಪ್ಪಿನ ಲೆಕ್ಕ

ಈಗ ನೀರಿನ ವಿಷಯಕ್ಕೆ ಬರೋಣ. ಹುಡುಗಿ ವಾಂತಿ ಮಾಡುತ್ತಿಲ್ಲ, ಕುಡಿಯಬಲ್ಲಳು ಎಂದರೆ ಬಾಯಿಂದ ಕುಡಿಸುವುದೇ ಮೊದಲ ಆಯ್ಕೆ. ನೀರು, ಗಂಜಿ, ಎಳನೀರು, ಮಜ್ಜಿಗೆ, ಓಆರ್‌ಎಸ್ ಯಾವುದಾದರೂ ಸರಿ. ಹಾಸಿಗೆಯ ಪಕ್ಕ ಕೈಗೆಟುಕುವಲ್ಲಿ ಲೋಟ ಇಟ್ಟು, ಎಷ್ಟು ಕುಡಿದಳೆಂದು ಬರೆಯುತ್ತಾ ಹೋಗಬೇಕು.

ಕುಡಿಯಲಾಗದಿದ್ದರೆ ಡ್ರಿಪ್ ಬೇಕಾಗುತ್ತದೆ. ಮಕ್ಕಳಿಗೆ ದಿನಕ್ಕೆ ಎಷ್ಟು ದ್ರವ ಬೇಕು ಎಂಬುದಕ್ಕೆ ಹಳೆಯ, ಸರಳ ಲೆಕ್ಕವೊಂದಿದೆ: ಮೊದಲ 10 ಕಿಲೋಗೆ ಕಿಲೋ ಒಂದಕ್ಕೆ 100 ಮಿಲಿ, ಮುಂದಿನ 10 ಕಿಲೋಗೆ 50 ಮಿಲಿ, ಅದರ ಮೇಲಿನ ಪ್ರತಿ ಕಿಲೋಗೆ 20 ಮಿಲಿ. 32 ಕಿಲೋದ ಹುಡುಗಿಗೆ 1000, 500 ಮತ್ತು 240 ಸೇರಿ 1740 ಮಿಲಿ. ಗಂಟೆಗೆ ಸುಮಾರು 72 ಮಿಲಿ. ಬಾಯಿಂದ ಕುಡಿದದ್ದೂ ಈ ಲೆಕ್ಕದಲ್ಲೇ ಸೇರುತ್ತದೆ. ಅವಳು ಹಗಲಿಡೀ 700 ಮಿಲಿ ಕುಡಿದಿದ್ದರೆ ಡ್ರಿಪ್ಪಿನಿಂದ ಉಳಿದ ಒಂದು ಲೀಟರಿನಷ್ಟು ಸಾಕು. ಬಾಯಿ ಒಣಗಿ, ಕಣ್ಣು ಒಳಸೇರಿ, ನಾಡಿ ಓಡುತ್ತಿದ್ದು ನಿಜಕ್ಕೂ ನೀರು ಬತ್ತಿದ ಲಕ್ಷಣಗಳಿದ್ದರೆ ಮಾತ್ರ ಕಳೆದುಹೋದದ್ದನ್ನು ತುಂಬಲು ವೈದ್ಯರು ಹೆಚ್ಚು ಕೊಡುತ್ತಾರೆ. ಜ್ವರವಿದ್ದರೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಇನ್ನೂ ಎರಡು ಬಾಟಲಿ ಹಾಕಿದರೆ ಬೇಗ ವಾಸಿಯಾಗುವುದಿಲ್ಲವೇ? ಇಲ್ಲ. ಆಗಲೇ ಸಿಕ್ಕಿಕೊಂಡ ಕಣಗಳನ್ನು ಡ್ರಿಪ್ಪಿನ ನೀರು ತೊಳೆದುಕೊಂಡು ಹೋಗುವುದಿಲ್ಲ. ಡ್ರಿಪ್ಪಿನಿಂದ ನೋವು ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗದ ಕಾರಣ 2020ರ ಮಾರ್ಗಸೂಚಿ ಅದನ್ನು ಕೊಡಿ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಹೆಚ್ಚಾದ ನೀರು ಹೋಗಿ ಸೇರುವುದು ಶ್ವಾಸಕೋಶಕ್ಕೆ. ಬಹುಕಾಲದ ರಕ್ತಹೀನತೆಯಿಂದ ಹೃದಯ ಮೊದಲೇ ದುಡಿದು ದಣಿದಿರುತ್ತದೆ. ಇದರ ಜೊತೆ ಎದೆಯ ನೋವಿನಿಂದ ಆಳವಾಗಿ ಉಸಿರೆಳೆಯದೆ ಮಲಗಿದರೆ ಶ್ವಾಸಕೋಶದ ತಳಭಾಗ ಮುದುಡಿಕೊಂಡು, ಅಲ್ಲಿನ ಕಣಗಳು ಬಾಗಿ, ಅಕ್ಯೂಟ್ ಚೆಸ್ಟ್ ಸಿಂಡ್ರೋಮ್ ಎಂಬ ಮಾರಕ ತೊಂದರೆ ಎದುರಾಗಬಹುದು.

ಈ ತೊಂದರೆ ಬಹಳ ಸಲ ಆಸ್ಪತ್ರೆಗೆ ಬಂದಾಗ ಇರುವುದಿಲ್ಲ. ಎರಡು ಮೂರು ದಿನಗಳ ನಂತರ, ತೊಡೆ ನೋವು ಕಡಿಮೆಯಾಯಿತು ಎಂದುಕೊಳ್ಳುವಾಗ ಶುರುವಾಗುತ್ತದೆ. ಹೊಸದಾಗಿ ಜ್ವರ, ಕೆಮ್ಮು, ಎದೆನೋವು, ಏದುಸಿರು, ಆಮ್ಲಜನಕದ ಮಟ್ಟ ಎಂದಿಗಿಂತ ಇಳಿಯುವುದು ಇದರ ಸೂಚನೆಗಳು. ಆಗ ಎಕ್ಸ್‌ರೇ ತೆಗೆಸಿ ದೊಡ್ಡ ಆಸ್ಪತ್ರೆಗೆ ಸಾಗಿಸಲು ತಡ ಮಾಡಬಾರದು.

ಇದನ್ನು ತಡೆಯಲು ಒಂದು ಅಗ್ಗದ ಉಪಾಯವಿದೆ. ಉಸಿರೆಳೆದರೆ ಮೇಲೇರುವ ಚೆಂಡುಗಳಿರುವ ಪ್ಲಾಸ್ಟಿಕ್ ಸ್ಪೈರೋಮೀಟರ್. ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ ಹತ್ತು ಸಲ ಆಳವಾಗಿ ಉಸಿರೆಳೆಸಿದರೆ ಶ್ವಾಸಕೋಶದ ತೊಂದರೆಗಳು ಗಣನೀಯವಾಗಿ ಕಡಿಮೆಯಾಗುತ್ತವೆ ಎಂದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನೋವು ಒಂಬತ್ತರಲ್ಲಿದ್ದಾಗ ಯಾರೂ ಆಳವಾಗಿ ಉಸಿರೆಳೆಯಲಾರರು. ಹಾಗಾಗಿ ನೋವಿನ ಔಷಧಿ ಕೊಡುವುದೂ ಶ್ವಾಸಕೋಶ ಕಾಪಾಡುವ ಕೆಲಸವೇ. ಆಮ್ಲಜನಕದ ಮಟ್ಟ 95ಕ್ಕಿಂತ ಕಡಿಮೆಯಿದ್ದರೆ ಮಾತ್ರ ಮಾಸ್ಕ್ ಬೇಕು, ಎಲ್ಲರಿಗೂ ಬೇಡ. ನೋಯುವ ಜಾಗಕ್ಕೆ ಬಿಸಿನೀರಿನ ಬ್ಯಾಗ್ ಇಡಬಹುದು. ಐಸ್ ಇಡಲೇಬಾರದು, ತಂಪಿಗೆ ರಕ್ತನಾಳ ಇನ್ನಷ್ಟು ಕಿರಿದಾಗುತ್ತದೆ.

ರಕ್ತ ಕೊಡುವ ವಿಷಯದಲ್ಲೂ ಗೊಂದಲವಿದೆ. ಹಿಮೋಗ್ಲೋಬಿನ್ 8 ಎಂದು ವರದಿ ಬಂದ ಕೂಡಲೇ ಮನೆಯವರು ರಕ್ತ ಹುಡುಕಲು ಓಡುತ್ತಾರೆ. ಹುಡುಗಿಗೆ ಯಾವಾಗಲೂ ಇರುವುದೇ 8 ಆಗಿದ್ದರೆ, ಬರೀ ನೋವಿಗಾಗಿ ರಕ್ತ ಕೊಡುವುದಿಲ್ಲ. ಎಂದಿನ ಮಟ್ಟಕ್ಕಿಂತ ಬಹಳ ಇಳಿದಿದ್ದರೆ ಅಥವಾ ಎದೆಯ ತೊಂದರೆ ಕಾಣಿಸಿದರೆ ಮಾತು ಬೇರೆ.

ಮನೆಗೆ ಹೋಗುವ ಮುಂಚೆ

ನಾಲ್ಕನೆಯ ದಿನ ಹುಡುಗಿಯ ನೋವು ಎರಡಕ್ಕೆ ಇಳಿದಿದೆ, ಮಾತ್ರೆಯಲ್ಲೇ ಹಿಡಿತದಲ್ಲಿದೆ ಎಂದುಕೊಳ್ಳೋಣ. ಬಿಡುಗಡೆ ಚೀಟಿ ಕೈಗಿಟ್ಟು "ನೀರು ಜಾಸ್ತಿ ಕುಡಿಸಿ" ಎಂದರೆ ಕಲಿಸಿದಂತಾಗಲಿಲ್ಲ. ಅಮ್ಮನಿಗೆ ಅಳತೆ ಬೇಕು. ಈ ಹುಡುಗಿಗೆ ಒಂದು ಲೀಟರಿನ ಬಾಟಲಿ ದಿನಕ್ಕೆ ಎರಡು ಸಲ ಖಾಲಿಯಾಗಬೇಕು: ಒಂದು ಶಾಲೆಯಲ್ಲಿ, ಒಂದು ಮನೆಯಲ್ಲಿ. ಬಿಸಿಲಿನ ದಿನ, ಆಟದ ದಿನ, ಜ್ವರ ಅಥವಾ ಭೇದಿಯ ದಿನ ಅದಕ್ಕಿಂತ ಹೆಚ್ಚು.

ಆಮೇಲೆ ಅವಳನ್ನೇ ಕೇಳಬೇಕು, ಶಾಲೆಯಲ್ಲಿ ನೀರು ಕುಡಿಯುತ್ತೀಯಾ ಎಂದು. ಶೌಚಾಲಯ ಚೆನ್ನಾಗಿಲ್ಲ, ಪದೇ ಪದೇ ಕೇಳಿದರೆ ಟೀಚರ್ ಬೈಯುತ್ತಾರೆ ಎಂದು ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಮುಟ್ಟದಿರುವುದು ಹೊಸದೇನಲ್ಲ. ಇವಳ ಮೂತ್ರಪಿಂಡ ನೀರನ್ನು ಉಳಿಸಿಕೊಳ್ಳಲಾರದು, ಕೇಳಿದಾಗಲೆಲ್ಲ ಹೊರಗೆ ಬಿಡಬೇಕು ಎಂದು ವೈದ್ಯರ ಸಹಿಯೊಂದಿಗೆ ಮುಖ್ಯೋಪಾಧ್ಯಾಯರಿಗೆ ನಾಲ್ಕು ಸಾಲಿನ ಪತ್ರ ಬರೆದುಕೊಡುವುದು, ನಮ್ಮ ಪ್ರಕಾರ, ಹತ್ತು ಪೋಸ್ಟರುಗಳಿಗಿಂತ ಉಪಯುಕ್ತ.

ಮಳೆಯಲ್ಲಿ ನೆನೆದರೆ ಕೂಡಲೇ ಬಟ್ಟೆ ಬದಲಿಸುವುದು, ತಣ್ಣನೆಯ ಹೊಳೆಯಲ್ಲಿ ಈಜದಿರುವುದು, ಚಳಿಗಾಲದಲ್ಲಿ ಬೆಚ್ಚಗಿರುವುದು ಇವೂ ಪಾಠದಲ್ಲಿ ಸೇರುತ್ತವೆ. ಆದರೆ ಎಷ್ಟೋ ಸಲ ಯಾವ ಕಾರಣವೂ ಕಾಣದೆ ನೋವು ಬರುತ್ತದೆ ಎಂಬುದನ್ನೂ ಅಮ್ಮನಿಗೆ ಹೇಳಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಅವರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ.

ನೋವು ಬರುವುದನ್ನು ತಡೆಯುವಲ್ಲಿ ಹೆಚ್ಚು ಕೆಲಸ ಮಾಡುವುದು ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ. ಹುಟ್ಟುವ ಮುಂಚೆ ನಮ್ಮೆಲ್ಲರಲ್ಲಿ ಇದ್ದ ಭ್ರೂಣದ ಹಿಮೋಗ್ಲೋಬಿನ್ ಅನ್ನು ಇದು ಮತ್ತೆ ಹೆಚ್ಚಿಸುತ್ತದೆ. ಅದು ಜೊತೆಗಿದ್ದರೆ ಸಿಕಲ್ ಹಿಮೋಗ್ಲೋಬಿನ್ ಸುಲಭವಾಗಿ ಕಡ್ಡಿಗಟ್ಟುವುದಿಲ್ಲ. ಫಲ ಕಾಣಲು ತಿಂಗಳುಗಳೇ ಬೇಕು. "ನೋವಿಲ್ಲವಲ್ಲ, ಮಾತ್ರೆ ಯಾಕೆ" ಎಂದು ನಿಲ್ಲಿಸುವವರೇ ಹೆಚ್ಚು. ನೋವಿಲ್ಲದಿರುವುದು ಮಾತ್ರೆಯಿಂದಲೇ ಇರಬಹುದು ಎಂದು ವಿವರಿಸಬೇಕು. ಬಿಳಿ ರಕ್ತಕಣಗಳು ಕಡಿಮೆಯಾಗುವ ಸಾಧ್ಯತೆ ಇರುವುದರಿಂದ ನಿಯಮಿತವಾಗಿ ರಕ್ತ ಪರೀಕ್ಷೆ ಮಾಡಿಸಲೇಬೇಕು. ಫೋಲಿಕ್ ಆಮ್ಲದ ಮಾತ್ರೆಯೂ ಇರುತ್ತದೆ. ಕಬ್ಬಿಣದ ಮಾತ್ರೆ ಮಾತ್ರ, ಕಬ್ಬಿಣದ ಕೊರತೆ ಇದೆಯೆಂದು ಪರೀಕ್ಷೆಯಲ್ಲಿ ಕಾಣದ ಹೊರತು ಬೇಡ. ಈ ರಕ್ತಹೀನತೆಗೆ ಕಾರಣ ಕಬ್ಬಿಣದ ಕೊರತೆಯಲ್ಲ, 120 ದಿನ ಬಾಳಬೇಕಾದ ಕಣಗಳು 10ರಿಂದ 20 ದಿನಗಳಲ್ಲೇ ಒಡೆಯುವುದು.

ಮನೆಯಲ್ಲಿ ನೋವು ಶುರುವಾದರೆ ಬೆಚ್ಚಗೆ ಮಲಗಿಸಿ, ಕುಡಿಯಲು ಕೊಟ್ಟು, ಪ್ಯಾರಾಸಿಟಮಾಲ್ ಕೊಟ್ಟು ನೋಡಬಹುದು. ಅದಕ್ಕೆ ಬಗ್ಗದಿದ್ದರೆ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಕಾಯಲೇಬಾರದ ಸಂದರ್ಭಗಳೂ ಇವೆ. 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಏಕೆಂದರೆ ಇವರ ಗುಲ್ಮ ಸೋಂಕಿನ ವಿರುದ್ಧ ಸರಿಯಾಗಿ ಕೆಲಸ ಮಾಡುವುದಿಲ್ಲ. ಉಸಿರಾಟದ ತೊಂದರೆ, ಎದೆನೋವು. ಮುಖ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಇವು ಮಕ್ಕಳಲ್ಲೂ ಪಾರ್ಶ್ವವಾಯುವಿನ ಲಕ್ಷಣಗಳೇ. ಗಂಡುಮಕ್ಕಳಲ್ಲಿ ಶಿಶ್ನ ಗಂಟೆಗಟ್ಟಲೆ ನೋವಿನಿಂದ ನಿಗುರಿರುವುದು. ನಾಚಿಕೆಯಿಂದ ಮುಚ್ಚಿಡುವ ತೊಂದರೆ ಇದು, ಆದ್ದರಿಂದ ಮೊದಲೇ ಹೇಳಿರಬೇಕು. ಸಣ್ಣ ಮಕ್ಕಳಲ್ಲಿ ಗುಲ್ಮ ಒಮ್ಮೆಲೇ ರಕ್ತ ತುಂಬಿಕೊಂಡು ಊದಿಕೊಂಡರೆ ಮಗು ಬಿಳಿಚಿಕೊಂಡು ಸುಸ್ತಾಗುತ್ತದೆ. ಎಡಗಡೆ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಗುಲ್ಮವನ್ನು ಮುಟ್ಟಿ ನೋಡುವುದನ್ನು ನರ್ಸ್ ತಾಯಂದಿರಿಗೆ ಕೈ ಹಿಡಿದು ಕಲಿಸಬಹುದು. ಕಲಿಸಿದ ಮೇಲೆ ಅವರಿಂದಲೇ ಮಾಡಿಸಿ ನೋಡಬೇಕು.

ಕೊನೆಯದಾಗಿ, ಸಿಕಲ್ ಸೆಲ್ ಕಾರ್ಡಿನ ಜೊತೆ ಒಂದು ಚೀಟಿ ಇರಲಿ. ಅದರಲ್ಲಿ ಹುಡುಗಿಯ ತೂಕ, ಆರಾಮವಾಗಿದ್ದಾಗಿನ ಹಿಮೋಗ್ಲೋಬಿನ್, ಆಗಿನ ಆಮ್ಲಜನಕದ ಮಟ್ಟ, ಈ ಸಲ ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ನಾಟಿತು, ಯಾವುದು ಅಲರ್ಜಿ ಎಂಬುದನ್ನು ದಿನಾಂಕದೊಂದಿಗೆ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟರೆ, ಮುಂದಿನ ಸಲ ರಾತ್ರಿ ಪಾಳಿಯಲ್ಲಿ ಯಾವ ನರ್ಸ್ ಇದ್ದರೂ ಮೊದಲ ಅರ್ಧ ಗಂಟೆ ಪ್ರಶ್ನೆಗಳಲ್ಲೇ ಕಳೆಯುವುದು ತಪ್ಪುತ್ತದೆ.